ರಕ್ತದ ಕಲೆಗೆ ತಣ್ಣೀರು, ಕಾಫಿ ಕಲೆಗೆ ಬಿಸಿನೀರು ಯಾಕೆ?

ಪ್ರಶ್ನೆ: ರಕ್ತದ ಕಲೆಗೆ ತಣ್ಣೀರು, ಟೀ-ಕಾಫಿ ಕಲೆಗೆ ಬಿಸಿನೀರು ಅಂತಾರೆ. ಯಾಕೆ? ಹಾಲು ಹಾಕಿದ ಕಾಫಿ ಬಿಳಿ ಶರ್ಟಿನ ಮೇಲೆ ಚೆಲ್ಲಿದರೆ ಏನು ಮಾಡಬೇಕು?

ಉತ್ತರ: ಹಾಲು ಹಾಕಿದ ಕಾಫಿಗೆ ಎರಡೂ ಬೇಕು. ಮೊದಲು ತಣ್ಣೀರು, ಆಮೇಲೆ ಬಿಸಿ.

ರಕ್ತದಲ್ಲಿ ಪ್ರೋಟೀನ್ ಜಾಸ್ತಿ. ಬಿಸಿ ತಾಗಿದರೆ ಅದು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಕಲೆಯ ಹಿಂಬದಿಯಿಂದ ನಲ್ಲಿಯ ತಣ್ಣೀರು ಬಿಡಿ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕಲೆ ಒಣಗಿದ್ದರೆ ಎಂಜೈಮ್ ಇರುವ ಡಿಟರ್ಜೆಂಟನ್ನು ತಣ್ಣೀರಿನಲ್ಲಿ ಕಲಸಿ ಅರ್ಧ ಗಂಟೆ ನೆನೆಸಿಡಿ. ಎಂಜೈಮ್ ಪ್ರೋಟೀನನ್ನು ಕತ್ತರಿಸುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಇದು ಬೇಡ. ಆ ನೂಲೂ ಪ್ರೋಟೀನೇ ಅಲ್ವಾ!

ಟೀ, ಕಾಫಿಯ ಕಂದು ಬಣ್ಣ ಬೇರೆ ಜಾತಿಯದು. ಅದು ಪುಡಿಯಿಂದ ಬಿಸಿನೀರಿಗೆ ಇಳಿದು ಬಂದದ್ದು, ಬಟ್ಟೆಯಿಂದಲೂ ಬಿಸಿನೀರಿನಲ್ಲೇ ಚೆನ್ನಾಗಿ ಬಿಡುತ್ತದೆ. ಆದರೆ ನಮ್ಮ ಕಾಫಿಯಲ್ಲಿ ಹಾಲಿದೆ, ಹಾಲಿನಲ್ಲಿ ಪ್ರೋಟೀನೂ ಜಿಡ್ಡೂ ಇದೆ. ಹಾಗಾಗಿ ಹತ್ತಿ ಶರ್ಟನ್ನು ಮೊದಲು ತಣ್ಣೀರಿನಲ್ಲಿ ತೊಳೆದು ಹಾಲು ತೆಗೆಯಿರಿ. ಉಳಿದ ಕಲೆಗೆ ದ್ರವ ಡಿಟರ್ಜೆಂಟ್ ಹಚ್ಚಿ ಹತ್ತು ನಿಮಿಷ ಬಿಡಿ. ಕೊನೆಗೆ, ಲೇಬಲ್ ಒಪ್ಪುವಷ್ಟು ಬಿಸಿಯಾದ ನೀರಿನಲ್ಲಿ ಒಗೆಯಿರಿ. ಬರೀ ಡಿಕಾಕ್ಷನ್ ಬಿದ್ದಿದ್ದರೆ ಸೀದಾ ಬಿಸಿನೀರಿಗೇ ಹೋಗಬಹುದು.

ಒಣಗಿಸುವ ಮೊದಲು ಒದ್ದೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಹಳದಿ ನೆರಳು ಕಂಡರೆ ಇನ್ನೊಮ್ಮೆ ಒಗೆಯಿರಿ. ಕಲೆ ಇರುವಾಗಲೇ ಇಸ್ತ್ರಿ ಮಾಡಿದರೆ ಅದನ್ನು ತೆಗೆಯುವುದು ತುಂಬಾ ಕಷ್ಟ.