ಆವರೇಜ್ ಇಳಿಯಿತು, ನಷ್ಟ ಏರಿತು

ಪ್ರಶ್ನೆ: ಬೀಳ್ತಾ ಇರೋ ಆಲ್ಟ್‌ಕಾಯಿನ್ ಅನ್ನು ಮತ್ತೆ ಮತ್ತೆ ಕೊಂಡು ಆವರೇಜ್ ಮಾಡೋದಕ್ಕೂ, ಮೊದಲೇ ಲೆವೆಲ್ ಗುರುತು ಹಾಕಿ ಹಂತ ಹಂತವಾಗಿ ಕೊಳ್ಳೋದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಕಡಿಮೆ ಬೆಲೆಗೇ ಕೊಳ್ತೀವಿ ಅಲ್ವಾ?

ಕೊಂಡಾದ ಮೇಲೆ ಚಾರ್ಟ್ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಅದು ಇರುವುದು ಮೊದಲ ಖರೀದಿಗೆ ಮುಂಚೆ. ಎಣಿಕೆ ಪೂರ್ತಿ ತಪ್ಪಾದರೆ ಒಟ್ಟು ಎಷ್ಟು ಹೋಗುತ್ತದೆ ಅಂತ ಆಗಲೇ ಬರೆದಿಟ್ಟಿದ್ದೀರಾ, ಇಲ್ಲವಾ?

ನಾನು ಬರೆದಿಟ್ಟಿರಲಿಲ್ಲ. ಖಾತೆಯಲ್ಲಿ 2000 ಡಾಲರ್ ಇತ್ತು. ಒಂದು ಕಾಯಿನ್ 1 ಡಾಲರ್ ಇದ್ದಾಗ 200 ಡಾಲರ್ ಹಾಕಿದೆ. ಅದು 50 ಸೆಂಟ್‌ಗೆ ಬಿತ್ತು, ಇನ್ನೂ 200 ಹಾಕಿದೆ. ಆವರೇಜ್ 67 ಸೆಂಟ್‌ಗೆ ಇಳಿಯಿತು, ಏನೋ ಸಾಧಿಸಿದ ಹಾಗೆ ಅನ್ನಿಸಿತು. 25 ಸೆಂಟ್ ಆದಾಗ 400 ಹಾಕಿದೆ, ಆವರೇಜ್ 36 ಸೆಂಟ್ ಆಯಿತು. ಆಮೇಲೆ ಬೆಲೆ 10 ಸೆಂಟ್‌ಗೆ ಬಂತು. ಹಾಕಿದ 800ರಲ್ಲಿ 580 ಹೋಯಿತು. ಮೊದಲ ಖರೀದಿಗೇ ಸುಮ್ಮನಿದ್ದಿದ್ದರೆ 180 ಹೋಗುತ್ತಿತ್ತು ಅಷ್ಟೇ. 50, 25 ಅನ್ನುವ ಬೆಲೆಗಳನ್ನು ನಾನು ಚಾರ್ಟ್ ನೋಡಿ ಆರಿಸಿದ್ದಲ್ಲ. ಪರದೆಯ ಕೆಂಪು ಅಂಕಿ ತಡೆಯಲಾಗದಾಗ ಕೊಂಡೆ.

ಈಗ ಲೆಕ್ಕವನ್ನು ಕೊನೆಯಿಂದ ಶುರು ಮಾಡುತ್ತೇನೆ. ಅದೇ 2000ದಲ್ಲಿ ಒಂದು ಕಾಯಿನ್‌ಗೆ ಕಳೆದುಕೊಳ್ಳಬಹುದಾದದ್ದು 2 ಶೇಕಡಾ, ಅಂದರೆ 40 ಡಾಲರ್. ಹಿಂದೆ ಬೆಲೆ ತಡೆದು ನಿಂತಿದ್ದ ಜಾಗಗಳನ್ನು ನೋಡಿ 1.00, 0.90, 0.80 ಅಂತ ಗುರುತು ಹಾಕಿದೆ ಅಂದುಕೊಳ್ಳಿ. 0.72ರ ಕೆಳಗೆ ಹೋದರೆ ನನ್ನ ಎಣಿಕೆಯೇ ತಪ್ಪು, ಎಲ್ಲವನ್ನೂ ಮಾರುವುದು. ಮೂರು ಕಡೆಯೂ ಸಮನಾಗಿ ಕೊಂಡರೆ ಸರಾಸರಿ 0.90, ಒಂದು ಕಾಯಿನ್‌ಗೆ ನಷ್ಟ 0.18. 40 ಅನ್ನು 0.18ರಿಂದ ಭಾಗಿಸಿದರೆ 222 ಕಾಯಿನ್, ಒಂದೊಂದು ಲೆವೆಲ್‌ಗೆ 74. ಒಟ್ಟು ಹೂಡಿಕೆ ಸುಮಾರು 200 ಡಾಲರ್. 0.72 ಮುರಿದ ಮೇಲೆ ನಾಲ್ಕನೇ ಖರೀದಿ ಅನ್ನುವುದೇ ಇಲ್ಲ.

ಇದರಲ್ಲೂ ತೂತುಗಳಿವೆ. 2022ರ ಮೇನಲ್ಲಿ ಲೂನಾ ಅನ್ನುವ ಕಾಯಿನ್ 80 ಡಾಲರ್ ಆಸುಪಾಸಿನಿಂದ ಒಂದು ವಾರದೊಳಗೆ ಸೊನ್ನೆಯ ಹತ್ತಿರ ಬಂತು. ಹೊಸ ಕಾಯಿನ್‌ಗಳು ಲಕ್ಷಾಂತರ ಕೋಟಿ ಲೆಕ್ಕದಲ್ಲಿ ಹುಟ್ಟಿಕೊಂಡಿದ್ದವು. ಅಂಥ ಕುಸಿತದಲ್ಲಿ ಮೂರೂ ಆರ್ಡರ್ ಒಂದೇ ಏಟಿಗೆ ತುಂಬುತ್ತವೆ. ಸ್ಟಾಪ್ ಲಿಮಿಟ್, ಅಂದರೆ ಬೆಲೆ ಇಷ್ಟಕ್ಕೆ ಬಿದ್ದರೆ ಮಾರು, ಆದರೆ ಇಂತಿಷ್ಟಕ್ಕಿಂತ ಕಡಿಮೆಗೆ ಬೇಡ ಅನ್ನುವ ಆರ್ಡರ್ ಹಾಕಿದ್ದರೆ ಬೆಲೆ ಅದನ್ನು ಹಾರಿ ಕೆಳಗೆ ಹೋಗಿರುತ್ತದೆ, ಕಾಯಿನ್ ಕೈಯಲ್ಲೇ ಉಳಿಯುತ್ತದೆ. 40 ಅಂದುಕೊಂಡದ್ದು 150 ಆಗಬಹುದು. ಆದರೂ ಹಾಕಿದ 200ಕ್ಕಿಂತ ಜಾಸ್ತಿ ಹೋಗುವುದಿಲ್ಲ, ಸಾಲ ತಂದು ಆಡಿರದಿದ್ದರೆ.

ಇನ್ನೊಂದು ಸಂಕಟ ಬೇರೆ ಥರದ್ದು. 1.00ಕ್ಕೆ 74 ಸಿಕ್ಕಿ ಬೆಲೆ ನೇರವಾಗಿ ಮೇಲೆ ಹೋಗುತ್ತದೆ. ಎಣಿಕೆ ಸರಿಯಾದಾಗಲೇ ಕೈಯಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಸರಕು, ತಪ್ಪಾದಾಗ ಪೂರ್ತಿ! ಹೊಟ್ಟೆ ಉರಿಯುತ್ತದೆ, ನಿಜ. ಆಗ ಉಳಿದ ಎರಡು ಆರ್ಡರ್‌ಗಳನ್ನು 1.10ಕ್ಕೆ ಎಳೆದು ತಂದರೆ, 0.72ರಲ್ಲಿ ಹೋಗುವುದು 40 ಅಲ್ಲ, 77.