ಹತ್ತು ಸೆಕೆಂಡಿಗೆ ಕೆಪಾಸಿಟರ್ ತುಂಬುವುದಿಲ್ಲ

ಪ್ರಶ್ನೆ: 12 ವೋಲ್ಟ್ ಬ್ಯಾಟರಿ, 10 ಕಿಲೋಓಮ್ ರೆಸಿಸ್ಟರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ರೆಸಿಸ್ಟರ್, ಕೆಪಾಸಿಟರ್ ಬೆಲೆಗಳನ್ನು ಗುಣಿಸಿದರೆ ಕಾಲ ಸ್ಥಿರಾಂಕ 10 ಸೆಕೆಂಡ್ ಬಂತು. ಹಾಗಾದರೆ 15ನೇ ಸೆಕೆಂಡಿನಲ್ಲಿ ಕರೆಂಟ್ ಸೊನ್ನೆ ತಾನೇ, ಸರ್?
– ಪಿಯುಸಿ ವಿದ್ಯಾರ್ಥಿ, ಸೋಮವಾರಪೇಟೆ

ಅಲ್ಲ. ಮಳೆಗಾಲ ಬಂದಂತೆ ವರ್ಷಕ್ಕೊಮ್ಮೆ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಕಾಲ ಸ್ಥಿರಾಂಕವೆಂದರೆ ತುಂಬಿ ಮುಗಿಯುವ ಗಡುವಲ್ಲ. ಕರೆಂಟ್ ತನ್ನ ಮೊದಲ ಬೆಲೆಯ ಶೇ 36.8ಕ್ಕೆ ಇಳಿಯಲು ಬೇಕಾದ ಹೊತ್ತು, ಅಷ್ಟೇ.

ಸ್ವಿಚ್ ಹಾಕಿದ ಕ್ಷಣ ಕೆಪಾಸಿಟರ್ ಖಾಲಿ. ಇಡೀ 12 ವೋಲ್ಟ್ ರೆಸಿಸ್ಟರಿನ ಮೇಲೆಯೇ ಬೀಳುವುದರಿಂದ ಕರೆಂಟ್ 1.2 ಮಿಲಿಆಂಪಿಯರ್. ಕೆಪಾಸಿಟರ್ ತುಂಬುತ್ತ ಹೋದಂತೆ ರೆಸಿಸ್ಟರಿಗೆ ಉಳಿಯುವ ವೋಲ್ಟೇಜ್ ಕಡಿಮೆಯಾಗುತ್ತದೆ, ಕರೆಂಟೂ ಕುಗ್ಗುತ್ತದೆ. ಕರೆಂಟ್ ಕುಗ್ಗಿದ್ದರಿಂದ ತುಂಬುವ ವೇಗವೂ ತಗ್ಗುತ್ತದೆ. ಹೀಗಾಗಿ ಇಳಿಕೆ ನೇರ ಗೆರೆಯಲ್ಲ.

```
I = (V/R) e^(-t/RC)
```

15 ಸೆಕೆಂಡಿಗೆ ಘಾತ −1.5, ಆಗ e^(-1.5) ಬೆಲೆ 0.223. ಕರೆಂಟ್ ಸುಮಾರು 0.27 ಮಿಲಿಆಂಪಿಯರ್. ತಾಳೆ ನೋಡುವುದೂ ಸುಲಭ: ಆಗ ಕೆಪಾಸಿಟರಿನಲ್ಲಿ 9.3 ವೋಲ್ಟ್, ರೆಸಿಸ್ಟರಿನಲ್ಲಿ 2.7 ವೋಲ್ಟ್, ಎರಡೂ ಕೂಡಿದರೆ 12. ಕೂಡದಿದ್ದರೆ ಲೆಕ್ಕದಲ್ಲಿ ಎಲ್ಲೋ ಎಡವಿದ್ದೀರಿ. ಹೆಚ್ಚಿನವರು ಎಡವುವುದು ಮೈಕ್ರೋ, ಕಿಲೋಗಳಲ್ಲಿ.

ಪ್ರಯೋಗ ಮಾಡುವಾಗ ರೆಸಿಸ್ಟರಿನ ವೋಲ್ಟೇಜ್ ಅಳೆದು 10 ಸಾವಿರದಿಂದ ಭಾಗಿಸಿ, ಕರೆಂಟ್ ಸಿಗುತ್ತದೆ. ಅದು 4.4 ವೋಲ್ಟಿಗೆ ಇಳಿಯಲು ಹಿಡಿದ ಸಮಯವೇ ನಿಮ್ಮ ಕಾಲ ಸ್ಥಿರಾಂಕ. 10ರ ಬದಲು ಹನ್ನೊಂದೂವರೆ ಸೆಕೆಂಡ್ ಬಂದರೆ ಸೂತ್ರವನ್ನು ಬೈಯಬೇಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೇಲೆ ಬರೆದ ಬೆಲೆಗೆ ಶೇ 20ರಷ್ಟು ಹೆಚ್ಚುಕಡಿಮೆ ಸಾಮಾನ್ಯ. ಆದರೆ ಎರಡು ನಿಮಿಷ ಕಳೆದರೂ ರೆಸಿಸ್ಟರಿನ ಮೇಲೆ ಅರ್ಧ ವೋಲ್ಟ್ ಅಲುಗಾಡದೆ ನಿಂತಿದ್ದರೆ, ಒಳಗೆ 50 ಮೈಕ್ರೋಆಂಪಿಯರ್ ಸೋರಿಕೆ ಇದೆ ಎಂದರ್ಥ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ರೇಡಿಯೋದಿಂದ ಬಿಚ್ಚಿ ತಂದ ಕೆಪಾಸಿಟರಿನಲ್ಲಿ ನಾನೂ ಇದನ್ನು ಕಂಡಿದ್ದೇನೆ. ಇನ್ನೊಂದು ಮಾತು: ಅದರ ಋಣ ತುದಿಯನ್ನು ತಿರುಗಿಸಿ ಜೋಡಿಸಬೇಡಿ, ಸಿಡಿಯಬಹುದು.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸುವ ಕೆಪಾಸಿಟರ್ ಪೆಟ್ಟಿಗೆಯಿಂದ ಮನೆಯ ಕರೆಂಟ್ ಬಿಲ್ ಅರ್ಧವಾಗುತ್ತದೆಯೇ?
– ಗೃಹಿಣಿ, ವಿರಾಜಪೇಟೆ

ಇಲ್ಲ, ಮಾರುವವನ ಜೇಬು ತುಂಬುತ್ತದೆ.

ಪ್ರಶ್ನೆ: ತೋಟದ ಪಂಪಿನ ಕೆಪಾಸಿಟರನ್ನು ಸ್ಕ್ರೂಡ್ರೈವರ್ ಅಡ್ಡ ಹಿಡಿದು ಖಾಲಿ ಮಾಡಬಹುದೇ?
– ಕಾಫಿ ಬೆಳೆಗಾರರು, ಗೋಣಿಕೊಪ್ಪ

ಬೇಡ. ಅಲ್ಲಿ ರೆಸಿಸ್ಟರೇ ಇಲ್ಲದ್ದರಿಂದ ಎಲ್ಲ ಚಾರ್ಜೂ ಒಂದೇ ಕಿಡಿಯಲ್ಲಿ ಹರಿಯುತ್ತದೆ. ಮೇನ್ ಆರಿಸಿ, 10 ಕಿಲೋಓಮ್, 10 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಶನ್ ಇರುವ ಕ್ಲಿಪ್ಪುಗಳಿಂದ ತಗುಲಿಸಿ. 20 ಮೈಕ್ರೋಫ್ಯಾರಡ್ ಆದರೆ ಕಾಲ ಸ್ಥಿರಾಂಕ 0.2 ಸೆಕೆಂಡ್, ಒಂದು ಸೆಕೆಂಡಿನಲ್ಲಿ ಶೇ 1ಕ್ಕಿಂತ ಕಡಿಮೆ ಉಳಿಯುತ್ತದೆ. ನಾನಂತೂ ಹತ್ತು ಎಣಿಸಿ, ಮೀಟರ್ ಇಟ್ಟು ನೋಡಿಯೇ ಕೈ ಹಾಕುತ್ತೇನೆ.