ಹತ್ತು ಅಡಿ ಫುಟ್‌ಪಾತ್‌ನಲ್ಲಿ ಯಾರಿಗೆ ಎಷ್ಟು ಜಾಗ?

ಓದುಗರ ಪತ್ರ: "ನಮ್ಮೂರಲ್ಲಿ ಬಸ್ ನಿಲ್ದಾಣದಿಂದ ದೇವಸ್ಥಾನದವರೆಗೆ ಫುಟ್‌ಪಾತ್ ಹತ್ತು ಅಡಿ ಅಗಲ ಇದೆ. ಅಷ್ಟೂ ಗಾಡಿಗಳೇ. ಕೋಲು ಹಿಡಿದು ನಡೆಯುವ ನನ್ನ ತಾಯಿ ರಸ್ತೆಗೆ ಇಳಿಯಬೇಕಾಗಿದೆ. ನಗರಸಭೆಯವರು ಎರಡು ಸಲ ತೆರವು ಮಾಡಿದರು, ನಾಲ್ಕೇ ದಿನಕ್ಕೆ ಎಲ್ಲರೂ ವಾಪಸ್. ಈಗ ಇವರಿಗೆಲ್ಲ ಗುರುತಿನ ಚೀಟಿ ಕೊಡುತ್ತಾರಂತೆ. ಚೀಟಿ ಕೊಟ್ಟರೆ ಫುಟ್‌ಪಾತ್ ಅವರದೇ ಆದ ಹಾಗಲ್ಲವೇ?" — ಒಬ್ಬ ನಿವೃತ್ತ ಶಿಕ್ಷಕಿ

ಸಂಪಾದಕರ ಉತ್ತರ:

ಮೇಡಂ, ಇಲ್ಲ, ಅವರದಾಗುವುದಿಲ್ಲ. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19ನೇ ವಿಧಿಯ ಕೆಳಗೆ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಆದರೆ ಇಂಥದ್ದೇ ಜಾಗದಲ್ಲಿ ಕೂರುತ್ತೇನೆ ಅನ್ನುವ ಹಕ್ಕು ಯಾರಿಗೂ ಇಲ್ಲ ಎಂದೂ ಅದೇ ತೀರ್ಪು ಹೇಳಿದೆ. ನಿಮ್ಮ ತಾಯಿ ರಸ್ತೆಗೆ ಇಳಿಯದೆ ನಡೆಯಬೇಕು, ಹೂವಿನವರು ಸಂಜೆ ಮನೆಗೆ ಅಕ್ಕಿ ತೆಗೆದುಕೊಂಡು ಹೋಗಬೇಕು. ಇವೆರಡೂ ಒಟ್ಟಿಗೆ ಆಗುತ್ತದೆ, ಮತ್ತು ನೀವು ಹೆದರುತ್ತಿರುವ ಆ ಚೀಟಿ ಸರಿಯಾಗಿ ಹಂಚಿಕೆಯಾದರೆ ಮಾತ್ರ ಆಗುತ್ತದೆ ಅನ್ನುವುದು ನನ್ನ ಅನಿಸಿಕೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ತೆರವು ಮಾಡಿದ ನಾಲ್ಕೇ ದಿನಕ್ಕೆ ಅವರು ಯಾಕೆ ವಾಪಸ್ ಬಂದರು? ಮೊಂಡುತನ ಅಂತ ಅನ್ನಿಸಬಹುದು. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಬ್ಬ ಹೂವಿನ ಅಜ್ಜಿಯ ಲೆಕ್ಕ ಕೇಳಿದೆ. ಬೆಳಿಗ್ಗೆ ಕೈಗೆ 900 ರೂಪಾಯಿ ಸಾಲ ಸಿಗುತ್ತದೆ, ಸಂಜೆ 1000 ವಾಪಸ್ ಕೊಡಬೇಕು. ಮೀಟರ್ ಬಡ್ಡಿ ಅನ್ನುತ್ತಾರಲ್ಲ, ಅದೇ. ಒಂದು ದಿನ ಹೂವಿನ ಬುಟ್ಟಿ ನಗರಸಭೆಯ ಟ್ರ್ಯಾಕ್ಟರ್‌ಗೆ ಹೋಯಿತು ಅಂದರೆ ಆ ದಿನದ ಲಾಭದ ಜೊತೆ ಸಾಲದ ಬಂಡವಾಳವೂ ಹೋಯಿತು. ಮರುದಿನ ಇನ್ನೂ ಜಾಸ್ತಿ ಸಾಲ ಮಾಡಿ ಅಲ್ಲಿಗೇ ಬರಬೇಕು, ಯಾಕೆಂದರೆ ಗಿರಾಕಿ ಬರುವುದು ಅಲ್ಲಿಗೆ. ಬಸ್ ಇಳಿದವರು ದೇವಸ್ಥಾನಕ್ಕೆ ನಡೆಯುವ ದಾರಿ ಬಿಟ್ಟು ಇನ್ನೆಲ್ಲೋ ಹೂವು ಮಾರಿದರೆ ಕೊಳ್ಳುವವರು ಯಾರು? ಈ ಬಡ್ಡಿ ತಪ್ಪಿಸಲೆಂದೇ ನಮ್ಮ ರಾಜ್ಯ 2018ರಲ್ಲಿ ಬಡವರ ಬಂಧು ಅಂತ 10,000 ರೂಪಾಯಿವರೆಗಿನ ಬಡ್ಡಿ ಇಲ್ಲದ ಸಾಲ ತಂದಿತು. 2020ರಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು. ಕೈಯಲ್ಲಿ ಚೀಟಿ ಇದ್ದವರಿಗೆ ಇಂಥ ಸಾಲ ಪಡೆಯುವುದು ಸುಲಭ. ಚೀಟಿ ಇಲ್ಲದವರು ನಗರಸಭೆಯ ಶಿಫಾರಸು ಪತ್ರಕ್ಕೆ ಅಲೆಯಬೇಕು.

ಇನ್ನೊಂದು ವಿಷಯ. ನೀವು ಬರೆದಂಥ ತೆರವು ಬಹಳಷ್ಟು ಸಲ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2014ರಲ್ಲಿ ಸಂಸತ್ತು ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಮಾಡಿತು. ಅದರ 3ನೇ ಕಲಂ ನೇರವಾಗಿ ಹೇಳುತ್ತದೆ: ವ್ಯಾಪಾರಿಗಳ ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಬೇರೆಡೆಗೆ ಕಳಿಸುವಂತಿಲ್ಲ. ಅದಾದ ಮೇಲೆ ಎಬ್ಬಿಸಬೇಕಾದರೂ 30 ದಿನದ ನೋಟಿಸ್ ಬೇಕು. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ಹೂವು, ಹಣ್ಣು, ತರಕಾರಿಯಂಥ ಕೆಡುವ ಸರಕನ್ನು ಕೇಳಿದ ದಿನವೇ ವಾಪಸ್ ಕೊಡಬೇಕು, ಕೆಡದ ಸರಕನ್ನು ಎರಡು ಕೆಲಸದ ದಿನದೊಳಗೆ. ಹಾಗಾಗಿ ಸಮೀಕ್ಷೆ ಮಾಡದೆ ಸುಮ್ನೆ ಟ್ರ್ಯಾಕ್ಟರ್ ತಂದರೆ ಫುಟ್‌ಪಾತ್ ಖಾಲಿಯಾಗುವುದು ನಾಲ್ಕು ದಿನಕ್ಕಷ್ಟೇ.

ಈಗ ಈ ಪ್ರಮಾಣಪತ್ರದ ಜೊತೆ ಸಿಗುವ ಚೀಟಿಗೆ ಬರೋಣ. ಅದು ಮನೆಪತ್ರದ ಥರ ಅಲ್ಲ, ಅದರಲ್ಲಿ ಷರತ್ತುಗಳಿವೆ. ಯಾರ ಹೆಸರಿಗಿದೆಯೋ ಅವರು ಅಥವಾ ಅವರ ಮನೆಯವರೇ ವ್ಯಾಪಾರ ಮಾಡಬೇಕು. ಬೇರೆ ಸಂಪಾದನೆ ಇರಬಾರದು. ಬಾಡಿಗೆಗೆ ಕೊಡುವಂತಿಲ್ಲ, ಮಾರುವಂತಿಲ್ಲ. ಷರತ್ತು ಮುರಿದರೆ ಅವರ ಮಾತು ಕೇಳಿ ರದ್ದು ಮಾಡಬಹುದು. ಚೀಟಿಯೇ ಇಲ್ಲದವರ ಮೇಲೆ ಇಂಥ ಯಾವ ಷರತ್ತನ್ನು ಹೇರುತ್ತೀರಿ? "ಎರಡು ಅಡಿ ಹಿಂದೆ ಸರಿ" ಎಂದು ಯಾರಿಗೆ ಹೇಳುತ್ತೀರಿ?

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಎಷ್ಟೋ ಊರುಗಳಲ್ಲಿ ಗುತ್ತಿಗೆದಾರರು ದಿನಾ ಬಂದು ನೆಲವಳಿ ಸುಂಕ ಅಂತ ರಸೀದಿ ಹರಿದು ಕೊಡುತ್ತಾರೆ. ವ್ಯಾಪಾರಿಗಳು ಅದನ್ನೇ ಲೈಸೆನ್ಸ್ ಅಂದುಕೊಂಡಿರುತ್ತಾರೆ. ಅದು ಲೈಸೆನ್ಸ್ ಅಲ್ಲ, ಆ ದಿನದ ದುಡ್ಡು ಕಟ್ಟಿದ ಗುರುತು ಅಷ್ಟೇ. ಆದರೂ ಹಳೇ ರಸೀದಿಗಳನ್ನು ಜೋಪಾನ ಮಾಡಿಟ್ಟವರಿಗೆ ಸಮೀಕ್ಷೆಯಲ್ಲಿ "ನಾನು ಇಲ್ಲೇ ಕೂರುತ್ತಿದ್ದೆ" ಅನ್ನುವುದಕ್ಕೆ ಅದು ಆಧಾರ ಆಗಬಹುದು.

ಇನ್ನು ನಿಮ್ಮ ಹತ್ತು ಅಡಿ. ಪತ್ರದಲ್ಲಿ ಅಳತೆ ಬರೆದಿದ್ದಕ್ಕೆ ನಿಜಕ್ಕೂ ಖುಷಿಯಾಯಿತು, ಏಕೆಂದರೆ ಈ ಜಗಳದಲ್ಲಿ ಟೇಪು ಹಿಡಿಯುವವರೇ ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ನಡೆಯಲು ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಬೇಕು, ಅಂದರೆ ಸುಮಾರು 6 ಅಡಿ. ಅಂಗಡಿ ಸಾಲಿನ ರಸ್ತೆಯಲ್ಲಿ 2.5 ಮೀಟರ್, ಸುಮಾರು 8 ಅಡಿ. ನಿಮ್ಮದು ಬಸ್ ನಿಲ್ದಾಣದ ದಾರಿ, ಜನ ಜಾಸ್ತಿ, ಹಾಗಾಗಿ 8 ಅಡಿಯನ್ನೇ ಹಿಡಿಯೋಣ. ಉಳಿಯುವುದು 2 ಅಡಿ. ತಳ್ಳುಗಾಡಿ ಸುಮಾರು 4 ಅಡಿ ಅಗಲ, 6 ಅಡಿ ಉದ್ದ. ಅದು ಇಲ್ಲಿ ಹಿಡಿಯುವುದಿಲ್ಲ. ಬುಟ್ಟಿ ಇಟ್ಟುಕೊಂಡು ಕೂರುವ ಹೂವಿನವರು ಒತ್ತಿಕೊಂಡು ಕೂರಬಹುದು. ಆದರೆ ಎಲ್ಲರೂ ಮರೆಯುವುದು ಗಿರಾಕಿಯನ್ನು. ಬುಟ್ಟಿ ಮುಂದೆ ನಿಂತು ಮೊಳ ಅಳೆಸುವವರಿಗೂ ಎರಡು ಅಡಿ ಬೇಕು, ಅಲ್ವಾ? ಅದು ನಡೆಯುವವರ 8 ಅಡಿಯಿಂದಲೇ ಹೋಗುತ್ತದೆ. ಹಾಗಾಗಿ ಈ ಫುಟ್‌ಪಾತ್ ಮೇಲೆ ಗಾಡಿಗೆ ಜಾಗ ಇಲ್ಲ ಅನ್ನುವ ನಿಮ್ಮ ಮಾತು ಸರಿ. ನನ್ನ ಅಳತೆಯಲ್ಲೂ ಅದೇ ಬಂತು.

ಆದರೆ ಅಳತೆಯನ್ನು ಫುಟ್‌ಪಾತ್ ಅಂಚಿಗೇ ನಿಲ್ಲಿಸಬೇಡಿ, ಪಕ್ಕಕ್ಕೆ ಇಳಿಯಿರಿ. ಅಲ್ಲಿ ಕಾರು ನಿಲ್ಲಿಸುವ ಪಟ್ಟಿ ಇರುತ್ತದೆ. ಒಂದು ಕಾರಿಗೆ ಸುಮಾರು 16 ಅಡಿ ಉದ್ದ, 8 ಅಡಿ ಅಗಲ. ಆ 16 ಅಡಿಯಲ್ಲಿ ಎರಡು ಗಾಡಿ ಸಾಲಾಗಿ ನಿಲ್ಲುತ್ತವೆ, ನಡುವೆ ಓಡಾಡಲು ಜಾಗವೂ ಉಳಿಯುತ್ತದೆ. 8 ಅಡಿ ಅಗಲದಲ್ಲಿ ಗಾಡಿಗೆ 4 ಅಡಿ ಹೋದರೆ, ಗಾಡಿಗೂ ಫುಟ್‌ಪಾತ್ ಅಂಚಿಗೂ ನಡುವೆ 4 ಅಡಿ ಸಿಗುತ್ತದೆ. ಗಿರಾಕಿ ಅಲ್ಲೇ ನಿಲ್ಲುತ್ತಾರೆ. ಗಾಡಿಯವರು ಗಾಡಿಗಳ ನಡುವೆ ಉಳಿದ ಜಾಗದಲ್ಲಿ ನಿಂತು ಫುಟ್‌ಪಾತ್ ಕಡೆಗೆ ಮುಖ ಮಾಡಬೇಕು, ಅಷ್ಟೇ. ಓಡುವ ವಾಹನಗಳಿಗೆ ಬೆನ್ನು ಕೊಡುವಂತಾಗುತ್ತದೆ, ಹಾಗಾಗಿ ಆ ಕಡೆ ಗಟ್ಟಿ ಕಂಬಗಳ ಸಾಲು ಬೇಕು. ಹತ್ತು ಕಾರಿನ ಜಾಗದಲ್ಲಿ ಇಪ್ಪತ್ತು ಮನೆಯ ಒಲೆ ಉರಿಯುತ್ತದೆ, ನಿಮ್ಮ ತಾಯಿಗೆ ಪೂರ್ತಿ 10 ಅಡಿ ಸಿಗುತ್ತದೆ. ಕಾರು ಇಟ್ಟವರು ಬೈಯುತ್ತಾರೆ, ಗೊತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಕಾರು ನಿಂತಿದ್ದರೂ ಅದು ಸಾರ್ವಜನಿಕ ಜಾಗವೇ. ಅದನ್ನು ಒತ್ತುವರಿ ಅಂತ ಯಾರೂ ಕರೆಯುವುದಿಲ್ಲ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ.

ಹಾಗೆಯೇ ಅಂಗಡಿ ಕಡೆಯ ಅಂಚನ್ನೂ ನೋಡಿ. ಮೆಟ್ಟಿಲು, ಬೋರ್ಡು, ಹೊರಗೆ ಜೋಡಿಸಿದ ಸರಕು, ಸ್ಕೂಟರ್. ಎಷ್ಟೋ ಕಡೆ ಗಾಡಿಗಿಂತ ಜಾಸ್ತಿ ಅಡಿ ಹೋಗಿರುವುದು ಅದಕ್ಕೇ. ತನ್ನ ಅಂಗಡಿ ಮುಂದಿನ ಫುಟ್‌ಪಾತನ್ನು ಗಾಡಿಯವರಿಗೆ ದಿನದ ಬಾಡಿಗೆಗೆ ಕೊಡುವವರೂ ಇದ್ದಾರೆ.

ಜಾಗದ ಜೊತೆ ಹೊತ್ತನ್ನೂ ಹಂಚಬಹುದು. ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ: ಬೆಳಿಗ್ಗೆ ಹೂವು, ಸೊಪ್ಪಿನವರು, ಸಂಜೆ ಚುರುಮುರಿ, ದೋಸೆಯವರು, ಒಂದೇ ಜಾಗ. ಹೊತ್ತು ಮುಗಿದ ಮೇಲೆ ಸರಕು, ಗಾಡಿ ಎಲ್ಲ ತೆಗೆದು ಗುಡಿಸಿ ಹೋಗಬೇಕು.

ಸರಿ, ಎಡವಟ್ಟು ಆಗುವುದು ಎಲ್ಲಿ? ನಾನು ಕಂಡಂತೆ ಸಮೀಕ್ಷೆಯಲ್ಲಿ. ಸಿಬ್ಬಂದಿ ಕಚೇರಿ ಹೊತ್ತಿನಲ್ಲಿ, ಹನ್ನೊಂದು ಗಂಟೆಗೆ ಬರುತ್ತಾರೆ. ಆ ಹೊತ್ತಿಗೆ ಬೆಳಿಗ್ಗೆಯ ಸೊಪ್ಪಿನವರು ಮನೆಗೆ ಹೋಗಿರುತ್ತಾರೆ, ಸಂಜೆಯವರು ಇನ್ನೂ ಬಂದಿರುವುದಿಲ್ಲ. ಗಂಡನ ಹೆಸರು ಬರೆದುಕೊಂಡು ದಿನವಿಡೀ ಕೂರುವ ಹೆಂಡತಿಯನ್ನು ಬಿಡುತ್ತಾರೆ. ಇನ್ನೊಂದು ಕಡೆ, ಗಾಡಿಯನ್ನೇ ತಳ್ಳದವರ ಹೆಸರಿಗೆ ಚೀಟಿ ಬರುತ್ತದೆ, ಅದು ಬಾಡಿಗೆಗೆ ಓಡಾಡುತ್ತದೆ. ಪಟ್ಟಿ ಕೈಗೆ ಸಿಕ್ಕರೆ ಇದು ಬೇಗ ಗೊತ್ತಾಗುತ್ತದೆ. ಹೂವಿನ ಸಾಲಿನಲ್ಲಿ ಹೆಂಗಸರೇ ತುಂಬಿದ್ದು ಪಟ್ಟಿಯಲ್ಲಿ ಗಂಡಸರ ಹೆಸರೇ ಇದ್ದರೆ ಅನುಮಾನ ಪಡಿ. ಬೆಳಿಗ್ಗೆ ಏಳಕ್ಕೆ ನೀವು ಎಣಿಸಿದ ತಲೆಗೂ ಪಟ್ಟಿಗೂ ಹೊಂದದಿದ್ದರೆ ಕೇಳಿ.

ಎಷ್ಟು ಜನರಿಗೆ ಅಂತ ಮಿತಿ ಇಲ್ಲವೇ ಎಂದರೆ, ಇದೆ. ವಾರ್ಡ್ ಅಥವಾ ಊರಿನ ಜನಸಂಖ್ಯೆಯ ಶೇ 2.5. ಅರವತ್ತು ಸಾವಿರ ಜನರ ಊರಿಗೆ 1,500. ಹಾಗೆಂದು ಎಲ್ಲರನ್ನೂ ನಿಮ್ಮ ಒಂದೇ ರಸ್ತೆಗೆ ತುಂಬಬೇಕಿಲ್ಲ. ನಿಮ್ಮ ರಸ್ತೆಯಲ್ಲಿ ಇಪ್ಪತ್ತು ಗಾಡಿ ಹಿಡಿದು ಮೂವತ್ತೈದು ಇದ್ದರೆ, ಉಳಿದ ಹದಿನೈದಕ್ಕೆ ಬೇರೆ ಜಾಗ ಹುಡುಕಲೇಬೇಕು. ಅಲ್ಲಿ ಗಿರಾಕಿ ಓಡಾಡಬೇಕು. ಊರಾಚೆ ಕಟ್ಟಡದ ಮೊದಲ ಮಹಡಿಗೆ ಕಳಿಸಿದರೆ ತಿಂಗಳೊಳಗೆ ಅವರು ಕೆಳಗಿಳಿದು ಬರುತ್ತಾರೆ, ಏಕೆಂದರೆ ಕೊತ್ತಂಬರಿ ಕಟ್ಟಿಗೆ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಜನ ತಾವಾಗಿಯೇ ಸೇರಿ ಬೆಳೆದ ಸಂತೆಯನ್ನು ಕಾಯ್ದೆ ಸಹಜ ಮಾರುಕಟ್ಟೆ ಎಂದು ಗುರುತಿಸಿದೆ. ಅಂಥ ಜಾಗವನ್ನು ವ್ಯಾಪಾರ ನಿಷೇಧ ವಲಯ ಎಂದು ಘೋಷಿಸುವಂತಿಲ್ಲ. ಬೆಂಗಳೂರಿನ ಗಾಂಧಿ ಬಜಾರ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ತೀರ್ಮಾನ ಆಗಬೇಕಾದದ್ದು ಪಟ್ಟಣ ವ್ಯಾಪಾರ ಸಮಿತಿಯಲ್ಲಿ. ನಗರಸಭೆಯಲ್ಲಿ ಪೌರಾಯುಕ್ತರೇ ಅದರ ಅಧ್ಯಕ್ಷರು. ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ, ಅವರೇ ಚುನಾವಣೆಯಲ್ಲಿ ಆರಿಸಿದವರು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕು. ಪೊಲೀಸರೂ ಇರುತ್ತಾರೆ. ನಿಮಗೆ ಮುಖ್ಯವಾದದ್ದು ಏನೆಂದರೆ, ನಿವಾಸಿಗಳ ಸಂಘದವರಿಗೂ ಅಲ್ಲಿ ಜಾಗ ಇದೆ. ಸಭೆ ಕರೆಯದೆ ಕಾಗದದ ಮೇಲೆ ಮಾತ್ರ ಸಮಿತಿ ಇರುವ ಊರುಗಳಿವೆ. ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಮೂರು ಕಾಗದ ಕೇಳಿ: ಸಮೀಕ್ಷೆಯ ಪಟ್ಟಿ, ಸಮಿತಿಯ ಕಳೆದ ಸಭೆಯ ನಡಾವಳಿ, ನಿಮ್ಮ ವಾರ್ಡಿನ ವ್ಯಾಪಾರ ವಲಯದ ನಕ್ಷೆ. ನಕ್ಷೆಯೇ ಇಲ್ಲ ಎಂಬ ಉತ್ತರ ಬಂದರೆ, ನೀವು ಮತ್ತು ಹೂವಿನವರು ಒಂದೇ ಅರ್ಜಿಗೆ ಸಹಿ ಹಾಕಿ ಅದನ್ನು ಕೇಳಬಹುದು.

ಅರ್ಜಿ ಹಾಕುವ ಮೊದಲು ಒಂದು ದಿನ ಟೇಪು ಹಿಡಿದು ಹೋಗಿ. ಬೆಳಿಗ್ಗೆ ಏಳು, ಮಧ್ಯಾಹ್ನ ಒಂದು, ಸಂಜೆ ಏಳು, ಮೂರು ಹೊತ್ತು. ಗಾಡಿ ಎಷ್ಟು, ಬುಟ್ಟಿ ಎಷ್ಟು, ಕಾರು ಎಷ್ಟು, ನಡೆಯಲು ಉಳಿದದ್ದು ಎಷ್ಟು ಅಡಿ ಅಂತ ಬರೆದುಕೊಳ್ಳಿ. ದೇವಸ್ಥಾನದ ಬಾಗಿಲ ಹತ್ತಿರ ಮೊದಲು ಅಳೆಯಿರಿ. ಚಪ್ಪಲಿ ಬಿಡುವ ಜಾಗ, ಹೂವಿನ ಬುಟ್ಟಿ, ನಿಲ್ಲಿಸಿದ ಆಟೋ ಎಲ್ಲ ಸೇರಿ ಇಕ್ಕಟ್ಟು ಜಾಸ್ತಿ ಇರುವುದು ಸಾಮಾನ್ಯವಾಗಿ ಅಲ್ಲೇ. ನಿಮ್ಮ ತಾಯಿ ರಸ್ತೆಗೆ ಇಳಿಯುವುದೂ ಬಹುಶಃ ಅಲ್ಲೇ ಇರಬೇಕು. ಅಳತೆ ನನಗೆ ಕಳಿಸಿ, ಅರ್ಜಿಯ ಕರಡನ್ನು ಕೂತು ಬರೆದುಕೊಡುತ್ತೇನೆ.